ಓದು, ಕೆಲಸ, ಸ್ವಂತ ದುಡಿಮೆ ಒಂದೇ ಹಾಳೆಯಲ್ಲಿ: ನನ್ನ ಅನುಭವ

ಗಂಗಾವತಿಯಲ್ಲಿ ನನ್ನದು ಡಿಟಿಪಿ, ಜೆರಾಕ್ಸ್ ಅಂಗಡಿ. ಬಯೋಡೇಟಾ ಮಾಡಿಕೊಡೋದೇ ಹೆಚ್ಚಿನ ವ್ಯಾಪಾರ. ನಮ್ಮ ಕಡೆ ಹುಡುಗರು ಒಂದು ಕೆಲಸ ಬಿಟ್ಟು ಇನ್ನೊಂದು ಹಿಡಿಯೋರಲ್ಲ. ಕಾಲೇಜಿಗೆ ಹೋಗ್ತಾ ರೈಸ್ ಮಿಲ್ಲಲ್ಲಿ ಲೆಕ್ಕ ಬರೀತಾರೆ, ಸಂಜೆ ಟ್ಯೂಷನ್ ಹೇಳ್ತಾರೆ, ರಾತ್ರಿ ಅಂಗಡಿಗಳ ಜಿಎಸ್‌ಟಿ ಎಂಟ್ರಿ ಮಾಡ್ತಾರೆ. ಅದೆಲ್ಲ ಒಂದರ ಕೆಳಗೆ ಒಂದು ಬರೆದರೆ ಓದುವವರಿಗೆ ಎರಡೇ ಅನುಮಾನ: ತಾರೀಖು ಸುಳ್ಳಿರಬೇಕು, ಇಲ್ಲ ಹುಡುಗ ಎಲ್ಲೂ ನಿಲ್ಲೋನಲ್ಲ.

ನನಗೆ ಪೆಟ್ಟು ಬಿದ್ದದ್ದು ಇಲ್ಲೇ. ಬಿಕಾಂ ಮುಗಿಸಿದ ಹುಡುಗನೊಬ್ಬನಿಗೆ ಅನುಭವ ಐದೂವರೆ ವರ್ಷ ಅಂತ ಬರೆದುಕೊಟ್ಟಿದ್ದೆ. ತೋರಣಗಲ್ಲಿನ ಕಡೆಯ ಒಂದು ಕಂಪನಿಯಲ್ಲಿ ಇಂಟರ್ವ್ಯೂ ಮಾಡಿದವರು ಅಲ್ಲೇ ಬೆರಳು ಮಡಚಿ ಎಣಿಸಿ, "ಇಷ್ಟು ವರ್ಷ ಹೆಂಗ ಆಗ್ತದಪಾ?" ಅಂದರಂತೆ. ಹುಡುಗ ವಾಪಸ್ ಬಂದು ನನ್ನ ಮುಂದೆ ಸುಮ್ಮನೆ ಕೂತ. ತಪ್ಪು ನನ್ನದು. ಮೂರು ಕೆಲಸದ ತಿಂಗಳುಗಳನ್ನು ಬಿಡಿಬಿಡಿಯಾಗಿ ಕೂಡಿಸಿದ್ದೆ.

ಅವನ ಲೆಕ್ಕವನ್ನೇ ಇಡ್ತೀನಿ. ಮಿಲ್ಲಿನ ಕೆಲಸ 2018ರ ಆಗಸ್ಟ್‌ನಿಂದ 2021ರ ಮಾರ್ಚ್, 32 ತಿಂಗಳು. ಟ್ಯೂಷನ್ 2019ರ ಜೂನ್‌ನಿಂದ 2020ರ ಮಾರ್ಚ್, ಲಾಕ್‌ಡೌನ್ ಬಂದು ನಿಂತಿತು, 10 ತಿಂಗಳು. ಜಿಎಸ್‌ಟಿ ಎಂಟ್ರಿ 2020ರ ಜನವರಿಯಿಂದ 2021ರ ಡಿಸೆಂಬರ್, 24 ತಿಂಗಳು. ಕೂಡಿಸಿದರೆ 66. ಆದರೆ ಅವನು ಬದುಕಿದ ತಿಂಗಳು 2018ರ ಆಗಸ್ಟ್‌ನಿಂದ 2021ರ ಡಿಸೆಂಬರ್‌ವರೆಗೆ, ಬರೀ 41. ಒಂದೇ ತಿಂಗಳನ್ನು ಎರಡು, ಮೂರು ಸಲ ಎಣಿಸಿದ್ದೆ.

ಆಮೇಲೆ ಒಂದು ವರ್ಷ ಸುಮಾರು ಗುದ್ದಾಡಿದೆ. ಬಣ್ಣದ ರೆಡಿಮೇಡ್ ನಮೂನೆಗಳಿಗೆ ಎರಡು ಸಾವಿರದ ಹತ್ತಿರ ಸುರಿದೆ. ಯಾವುದರಲ್ಲೂ ಒಂದರ ಮೇಲೊಂದು ಬೀಳೋ ಕೆಲಸಕ್ಕೆ ಜಾಗ ಇರಲಿಲ್ಲ, ಎಲ್ಲ ಒಂದು ಗೆರೆ ಮೇಲೆ ಚುಕ್ಕಿ ಚುಕ್ಕಿ. ಬಾರ್ ಚಾರ್ಟ್ ಹಾಕಿದೆ. ಒಂದು ಸಾಲು ಸೇರಿಸಿದರೆ ಅಳತೆಯೇ ಸರಿದು ಹೋಗೋದು. ಪಕ್ಕದ ಅಂಗಡಿ ಅಣ್ಣ, "ಬಯೋಡೇಟಾ ಅಂದ್ರ ಒಂದ್ ಹಾಳಿ, ಐವತ್ತು ರೂಪಾಯಿ. ಇದೆಲ್ಲ ಯಾರ್ ನೋಡ್ತಾರ?" ಅಂದ. ಕೊನೆಗೆ ಗೆದ್ದದ್ದು ಸಾದಾ ಚೌಕದ ಹಾಳೆ. ಒಂದು ಕಾಲಂ ಅಂದರೆ ಒಂದು ತಿಂಗಳು, ಒಂದು ಸಾಲು ಅಂದರೆ ಒಂದು ಕೆಲಸ.

ಎಕ್ಸೆಲ್‌ನ ಎ ಕಾಲಂನಲ್ಲಿ ಹೆಸರು, ಬಿಯಲ್ಲಿ ಶುರು, ಸಿಯಲ್ಲಿ ಕೊನೆ, ಡಿಯಲ್ಲಿ ವಾರಕ್ಕೆ ಎಷ್ಟು ಗಂಟೆ. ಒಂದನೇ ಸಾಲಿನಲ್ಲಿ ಇ ಕಾಲಂನಿಂದ ತಿಂಗಳುಗಳು. ಈ ಹುಡುಗನಿಗೆ 2017ರ ಜುಲೈನಿಂದ ಹಿಡಿದರೆ 54 ಕಾಲಂ, ಬಿಎಫ್ ತನಕ ಹೋಯಿತು. ಎರಡನೇ ಸಾಲು ಓದು, ಮೂರರಿಂದ ಐದು ದುಡಿಮೆ. ಓದು ಮೇಲಿರಲೇಬೇಕು, ನೋಡುವವರು ಮೊದಲು ಕೇಳೋದೇ "ಕಾಲೇಜಿಗೆ ಯಾವಾಗ ಹೋಗ್ತಿದ್ದಿ?" ಅಂತ. ಚೌಕಕ್ಕೆ ಬಣ್ಣ ತುಂಬೋ ಷರತ್ತು, ಆಮೇಲೆ ಏಳನೇ ಸಾಲಿನ ಎಣಿಕೆ, ಕೊನೆಗೆ ಒಟ್ಟು:

```
=AND(E$1>=$B2,E$1<=$C2)
=COUNTIFS($B$3:$B$5,"<="&E$1,$C$3:$C$5,">="&E$1)
=COUNTIF(E7:BF7,">0")
```

ಎರಡನೆಯದು ಆ ತಿಂಗಳು ಎಷ್ಟು ಕೆಲಸ ಇತ್ತು ಅಂತ ಹೇಳುತ್ತೆ. ಮೂರನೆಯದು ಸೊನ್ನೆ ಇಲ್ಲದ ತಿಂಗಳುಗಳನ್ನಷ್ಟೇ ಎಣಿಸುತ್ತೆ. 41 ಬಂದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ.

ತಾರೀಖು ಟೈಪ್ ಮಾಡೋದರಲ್ಲಿ ಕಳೆದ ದಿನಗಳಿಗೆ ಲೆಕ್ಕವಿಲ್ಲ. `Jun-19` ಅಂತ ಒತ್ತಿದರೆ ಎಕ್ಸೆಲ್ ಅದನ್ನು ಈ ವರ್ಷದ ಜೂನ್ 19 ಅಂತ ತಿಳೀತದೆ. 2019ರ ಟ್ಯೂಷನ್ ಬಣ್ಣ ಕಾಣಿಸದೇ ಮಾಯ. ಸಾಲು ಖಾಲಿ ಇದ್ದರೆ ಮೊದಲು ಇದನ್ನೇ ನೋಡಿ. ಈಗ ಎಲ್ಲ ತಾರೀಖನ್ನೂ ತಿಂಗಳ ಒಂದನೇ ದಿನ ಅಂತ, ವರ್ಷದ ನಾಲ್ಕೂ ಅಂಕಿ ಹಾಕಿ `1-Jun-2019` ಹೀಗೇ ಬರೀತೀನಿ. ಹಳೇ ಫೈಲುಗಳಲ್ಲಿ ತಿಂಗಳು ಎಣಿಸೋಕೆ `DATEDIF` ಬಳಸಿದ್ದೆ. ಅದು ಮಿಲ್ಲಿನ ಕೆಲಸಕ್ಕೆ 31 ಕೊಟ್ಟಿತು, ಯಾಕಂದ್ರೆ ಕೊನೆ ತಿಂಗಳು ಅದರ ಲೆಕ್ಕಕ್ಕೆ ಬರಲ್ಲ. ಒಂದು ಕೂಡಿಸಬೇಕು.

ಫಾರ್ಮುಲಾಗಿಂತ ಕಷ್ಟದ್ದು ಹುಡುಗರ ನೆನಪು. "ಅಲಾಯಿ ಹಬ್ಬದ ಮುಂದ ಮಿಲ್ಲಿಗೆ ಸೇರೀನ್ರಿ" ಅಂದ ಇವನು. ಅಲಾಯಿ ಹಬ್ಬ ಅಂದರೆ ಮೊಹರಂ, ಪ್ರತಿ ವರ್ಷ ಹನ್ನೊಂದು ದಿನದ ಆಸುಪಾಸು ಹಿಂದಕ್ಕೆ ಬರುತ್ತೆ. 2018ರಲ್ಲಿ ಸೆಪ್ಟೆಂಬರ್ ಕೊನೆ ಭಾಗಕ್ಕಿತ್ತು, 2020ರಲ್ಲಿ ಆಗಸ್ಟ್ ಕೊನೆಗೇ ಬಂತು. ಅದನ್ನು ನಂಬಿ ಮೊದಲು ಒಬ್ಬನ ಹಾಳೆ ಕೆಡಿಸಿದ್ದೆ. ಕೊಪ್ಪಳದ ಗವಿಮಠದ ಜಾತ್ರೆ ಅಂದರೆ ಜನವರಿ ಅಂತ ಹಿಡಿಯಬಹುದು. ಈಗ ಯಾರೇ ಬಂದರೂ ಬ್ಯಾಂಕ್ ಪಾಸ್‌ಬುಕ್ ತಾ ಅಂತೀನಿ. ಮಿಲ್ಲಿನ ಮೊದಲ ಸಂಬಳ ಸೆಪ್ಟೆಂಬರ್‌ನಲ್ಲಿ ಬಿದ್ದಿತ್ತು, ಅಂದರೆ ಸೇರಿದ್ದು ಆಗಸ್ಟ್. ಸಂಬಳ ಬಿದ್ದ ತಿಂಗಳನ್ನೇ ಶುರು ಅಂತ ಬರೆದರೆ ಸಾಲು ಒಂದು ಚೌಕ ಬಲಕ್ಕೆ ಸರಿಯುತ್ತೆ. ಪಿಎಫ್ ಇದ್ದವರದು ಇನ್ನೂ ಹುಷಾರಿಂದ ಮಾಡಬೇಕು. ಅಲ್ಲಿ ಸೇರಿದ, ಬಿಟ್ಟ ದಿನ ಬರೆದಿರುತ್ತೆ, ಕಂಪನಿಯವರು ಅದನ್ನೇ ಪಕ್ಕಕ್ಕಿಟ್ಟು ನೋಡ್ತಾರೆ.

ಓದಿನ ಕೊನೆಯೂ ಗೊಂದಲವೇ. 2020ರಲ್ಲಿ ಅಂತಿಮ ವರ್ಷದ ಪರೀಕ್ಷೆ ಕೊರೊನಾದಿಂದ ಸೆಪ್ಟೆಂಬರ್‌ಗೆ ಹೋಯಿತು. ಹುಡುಗ ಮೇ ಅಂತಾನೆ, ಮಾರ್ಕ್ಸ್ ಕಾರ್ಡಿನಲ್ಲಿ ಬೇರೆ ಇದೆ. ಕೊನೆಯ ಪರೀಕ್ಷೆ ಬರೆದ ತಿಂಗಳೇ ಓದಿನ ಕೊನೆ ಅಂತ ನಾನು ನಿಯಮ ಮಾಡಿಕೊಂಡೆ, ಎಲ್ಲರ ಹಾಳೆಗೂ ಅದೇ.

ನಡುವೆ ಒಂದು ಪ್ರಯೋಗ. ಹಾಳೆಯನ್ನು ಉದ್ದಕ್ಕೆ ನಿಲ್ಲಿಸಿ ತಿಂಗಳುಗಳನ್ನು ಮೇಲಿಂದ ಕೆಳಗೆ ಇಳಿಸಿ ನೋಡಿದೆ. ಮೊಬೈಲಲ್ಲಿ ಚೆಂದ, ಮುದ್ರಿಸಿದರೆ ಕೆಲಸದ ಹೆಸರು ಹಿಡಿಯಲಿಲ್ಲ. ಬಿಟ್ಟೆ. ಇನ್ನೊಂದು ನಷ್ಟ ಬಣ್ಣದ ಪ್ರಿಂಟಿಂದ. ಹಾಳೆಗೆ ಹತ್ತು ರೂಪಾಯಿಯಂತೆ ಹೊಡೆದುಕೊಟ್ಟೆ, ಆ ಕಡೆಯವರು ಅದನ್ನು ಕಪ್ಪು-ಬಿಳುಪಲ್ಲಿ ಜೆರಾಕ್ಸ್ ಮಾಡಿ ಸಾಹೇಬರ ಮುಂದಿಟ್ಟರು. ಹಸಿರು, ನೀಲಿ, ಕಿತ್ತಳೆ ಎಲ್ಲ ಒಂದೇ ಬೂದಿ. ಈಗ ಓದಿಗೆ ತುಂಬಿದ ಕಪ್ಪು, ಪಾರ್ಟ್‌ಟೈಮಿಗೆ ಓರೆಗೆರೆ, ಸ್ವಂತ ಕೆಲಸಕ್ಕೆ ಚುಕ್ಕಿ. ಚಿಕ್ಕ ಚೌಕದಲ್ಲಿ ಓರೆಗೆರೆ ಕಲಸಿಹೋಗದ ಹಾಗೆ ಮಾಡೋ ಒಂದು ಉಪಾಯ ಇದೆ, ಅದು ನನ್ನ ಅಂಗಡಿಯ ಅನ್ನ, ಇಲ್ಲಿ ಬರೆಯಲ್ಲ.

ಆನ್‌ಲೈನ್ ಅರ್ಜಿಗೆ ಈ ಚೌಕ ನಡೆಯಲ್ಲ. ಅಲ್ಲಿ ಯಂತ್ರ ಓದೋದು ಅಕ್ಷರ. ಮೊದಲ ಪುಟದಲ್ಲಿ ಸಾದಾ ಸಾಲು: ಮಿಲ್ ಗುಮಾಸ್ತ, ಪಾರ್ಟ್‌ಟೈಮ್, ವಾರಕ್ಕೆ 18 ಗಂಟೆ, ಆಗಸ್ಟ್ 2018ರಿಂದ ಮಾರ್ಚ್ 2021. ಚೌಕ ಎರಡನೇ ಪುಟಕ್ಕೆ, ಎರಡರಲ್ಲೂ ಒಂದೇ ತಾರೀಖು. "41 ತಿಂಗಳು, ಎಲ್ಲ ಪಾರ್ಟ್‌ಟೈಮ್" ಅಂತ ಬಿಚ್ಚಿ ಬರೀತೀನಿ. ಗಂಟೆಯ ಕಾಲಂ ಸುಳ್ಳನ್ನೂ ಹಿಡಿಯುತ್ತೆ. 2020ರ ಜನವರಿಯಿಂದ ಮಾರ್ಚ್ ಈ ಹುಡುಗನಿಗೆ ಮೂರೂ ಕೆಲಸ ಇತ್ತು: 18, 6, 8, ಒಟ್ಟು 32 ಗಂಟೆ. ಕಾಲೇಜಿನ ಜೊತೆಗೆ ಕಷ್ಟ, ಆದರೆ ಆಗುವಂಥದ್ದು. ಒಬ್ಬನದು 70 ದಾಟಿತ್ತು. ಕೇಳಿದರೆ ಬೇಸಿಗೆ ರಜೆಯ ಕೆಲಸವನ್ನು ವರ್ಷಪೂರ್ತಿ ಬರೆಸಿದ್ದ.

ಹೊಸ ಹಾಳೆ ಹಿಡಿದು ಅವನು ಇನ್ನೊಂದು ಕಂಪನಿಗೆ ಹೋದ. ಎದುರಿನವರು ಬೆರಳಿಟ್ಟದ್ದು ಆ ಮೂರು ತಿಂಗಳ ಮೇಲೇ. "ಇಲ್ಲಿ ಮೂರು ಕೆಲಸ, ಮ್ಯಾಲ ಕಾಲೇಜು. ದಿನಾ ಹೆಂಗ ಕಳೀತಿದ್ದಿ?" ಬೆಳಿಗ್ಗೆಯಿಂದ ರಾತ್ರಿವರೆಗೂ ಹೇಳಿದನಂತೆ, ಇಪ್ಪತ್ತು ನಿಮಿಷ ಅದೇ ಮಾತು. ಕೆಲಸ ಆಯಿತು. ಈಗ ಹಾಳೆಗೆ ನೂರೈವತ್ತು ತಗೊಳ್ತೀನಿ, ತಿಂಗಳಿಗೆ ಮೂವತ್ತರ ಆಸುಪಾಸು ಬರ್ತಾವೆ. ಹೋದ ವಾರ ಪಕ್ಕದ ಅಣ್ಣ ತನ್ನ ಅಳಿಯನನ್ನು ಕಳಿಸಿದ್ದ, ಪಾಸ್‌ಬುಕ್ ಕೈಯಲ್ಲಿ ಕೊಟ್ಟೇ.