ಕಲ್ಲಿನ ಕೌಂಟರ್‌ಗೆ ಹಾಬ್, ಸಿಂಕ್ ಕೂರಿಸುವಾಗ: ಕಟೌಟ್ ಅಳತೆ ಮತ್ತು ಕ್ಲಿಪ್ಪಿಗೆ ಬೇಕಾದ ಜಾಗ

ಕಟೌಟ್ ಅಂದರೆ ಸುಮ್ನೆ ಒಂದು ಚೌಕ ಕೊರೆಯುವುದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಾನು ಮಾತ್ರ ಕಟರ್ ಕೈಗೆತ್ತಿಕೊಳ್ಳುವ ಮೊದಲು ಕ್ಲಿಪ್ ಎಲ್ಲಿ ಬರುತ್ತದೆ ಅಂತ ನೋಡುತ್ತೇನೆ. ಮೇಲಿಂದ ಎಲ್ಲ ಸರಿ ಕಂಡರೂ, ಕೆಳಗೆ ಕ್ಲಿಪ್ ಹಿಡಿಯಲು ಜಾಗ ಇಲ್ಲದಿದ್ದರೆ ಹಾಬ್ ಅಲ್ಲಾಡುತ್ತದೆ, ಸಿಂಕಿನ ಅಂಚಿನಿಂದ ನೀರು ಇಳಿಯುತ್ತದೆ.

ಹೋದ ಸಲ ಮಾಡಿದ ಕೆಲಸವನ್ನೇ ಹೇಳುತ್ತೇನೆ. 20 ಮಿ.ಮೀ. ದಪ್ಪದ ಗ್ರಾನೈಟ್, 600 ಮಿ.ಮೀ. ಅಗಲದ ಕೌಂಟರ್. ಹಾಬ್‌ನ ಮೇಲಿನ ಗಾಜು 590 × 520. ಜೊತೆಗೆ ಬಂದ ಹಾಳೆಯಲ್ಲಿದ್ದ ಕಟೌಟ್ 560 × 490. ಅಂದರೆ ಸುತ್ತಲೂ 15 ಮಿ.ಮೀ. ಗಾಜು ಕಲ್ಲಿನ ಮೇಲೆ ಕೂರುತ್ತದೆ. ಗಾಜಿನ ಕೆಳಗಿನ ತಗಡಿನ ಪೆಟ್ಟಿಗೆಯನ್ನು ನಾನೇ ಅಳೆದೆ, 550 ಉದ್ದ. ಎರಡೂ ಕಡೆ ಐದೈದು ಮಿ.ಮೀ. ಸಡಿಲ ಸಿಗುತ್ತದೆ.

ಈ ಸಡಿಲ ಜಾಸ್ತಿಯಾದರೆ ಏನಾಗುತ್ತದೆ ನೋಡಿ. 560ರ ಬದಲು 570 ಕತ್ತರಿಸಿದರು ಅಂತಿಟ್ಟುಕೊಳ್ಳಿ. ಪೆಟ್ಟಿಗೆ ಒಂದು ಕಡೆಗೆ ಪೂರ್ತಿ ಸರಿದರೆ ಆ ಕಡೆ ಗಾಜು ಕಲ್ಲಿನ ಮೇಲೆ 20 ಮಿ.ಮೀ. ಬರುತ್ತದೆ, ಇನ್ನೊಂದು ಕಡೆ ಏನೂ ಉಳಿಯುವುದಿಲ್ಲ. ಸರಿಯಾದ 560ರಲ್ಲಿ ಎಷ್ಟೇ ಸರಿದರೂ ಕೊನೆಗೆ 10 ಉಳಿಯುತ್ತದೆ. ‘ಒಂದು ಸೆಂಟಿಮೀಟರ್ ತಾನೆ’ ಅನ್ನುವವರಿಗೆ ನಾನು ಈ ಲೆಕ್ಕವನ್ನೇ ತೋರಿಸುತ್ತೇನೆ. ಚಿಕ್ಕದಾದರೆ ಅರೆದು ದೊಡ್ಡದು ಮಾಡಬಹುದು, ದೊಡ್ಡದಾದ ಮೇಲೆ ಮಾಡುವುದಕ್ಕೆ ಏನೂ ಇಲ್ಲ.

ಗುರುತು ಹಾಕುವಾಗ ಮುಂದೆ 60, ಹಿಂದೆ 50 ಮಿ.ಮೀ. ಕಲ್ಲು ಬಿಟ್ಟೆ. ಆ ಎರಡು ಪಟ್ಟಿಗಳೇ ಕೌಂಟರಿನ ದುರ್ಬಲ ಜಾಗ. ಮೂಲೆಗಳಲ್ಲಿ ಮೊದಲು ಕೋರ್ ಬಿಟ್‌ನಿಂದ ದುಂಡಗೆ ಕೊರೆದು, ಆಮೇಲೆ ಆ ತೂತುಗಳ ನಡುವೆ ಕಟರ್ ಓಡಿಸಿದೆ. ಚೂಪು ಮೂಲೆ ಬಿಟ್ಟರೆ, ಅಥವಾ ಕಟರ್ ಗೆರೆ ಮೂಲೆ ದಾಟಿ ಮುಂದೆ ಹೋದರೆ, ಬಿರುಕು ಅಲ್ಲಿಂದಲೇ ಶುರು.

ಇನ್ನು ಕ್ಲಿಪ್. ಹಾಬ್‌ನ ಕ್ಲಿಪ್ಪಿನ ಒಂದು ತುದಿ ಪೆಟ್ಟಿಗೆಯ ತಳಕ್ಕೆ ಸ್ಕ್ರೂ ಆಗುತ್ತದೆ, ಇನ್ನೊಂದು ತುದಿ ಕಲ್ಲಿನ ಕೆಳಮೈಯನ್ನು ಒತ್ತಿ ಹಿಡಿಯುತ್ತದೆ. ಇಲ್ಲಿ ಅಡ್ಡ ಬರುವುದು ಕ್ಯಾಬಿನೆಟ್ಟಿನ ಮುಂದಿನ ಅಡ್ಡಪಟ್ಟಿ. ಅದು ಕಟೌಟ್ ಅಂಚಿಗೆ ತಾಗಿಯೇ ಇದ್ದರೆ ಕ್ಲಿಪ್ಪಿನ ನಾಲಿಗೆ ಹೊರಳುವುದಕ್ಕೇ ಆಗುವುದಿಲ್ಲ. ಅದಕ್ಕೇ ಕಲ್ಲು ಕತ್ತರಿಸುವ ಮೊದಲು ಹಾಬ್ ತಿರುಗಿಸಿಟ್ಟು, ಕ್ಲಿಪ್ಪಿನ ತೂತುಗಳ ಸ್ಥಾನವನ್ನು ಕಾಗದದ ಮೇಲೆ ಗುರುತಿಸಿಕೊಂಡೆ. ಮುಂದಿನ ಎರಡು ಕ್ಲಿಪ್ ಅಡ್ಡಪಟ್ಟಿಗೆ ಬಡಿಯುತ್ತಿದ್ದವು. ಕಲ್ಲಿಗೆ ಆಧಾರ ಕಡಿಮೆಯಾಗದ ಹಾಗೆ, ಪಟ್ಟಿಯಲ್ಲಿ ಅಷ್ಟೇ ಜಾಗದಲ್ಲಿ ಕಚ್ಚು ತೆಗೆದೆ.

ಗಾಜಿನ ಕೆಳಗೆ ಜೊತೆಗೆ ಬಂದ ಫೋಮ್ ಟೇಪ್ ಮಾತ್ರ ಅಂಟಿಸಿದೆ, ಸಿಲಿಕೋನ್ ಹಾಕಲಿಲ್ಲ. ರಿಪೇರಿಗೆ ಹಾಬ್ ಮೇಲೆತ್ತಲೇಬೇಕಾಗುತ್ತದೆ, ಆಗ ಅಂಟಿದ ಗಾಜನ್ನು ಕೀಳುವುದು ಯಾರಿಗೆ ಬೇಕು? ಸ್ಕ್ರೂವನ್ನೂ ಕೈಯಿಂದ ಬಿಗಿ ಸಿಗುವವರೆಗೆ ತಿರುಗಿಸಿ, ಆಮೇಲೆ ಸ್ವಲ್ಪವೇ ತಿರುಗಿಸಿದೆ. ಹಾಬ್ ಮೇಲೇಳದಂತೆ, ಸರಿಯದಂತೆ ಹಿಡಿದರೆ ಸಾಕು. ಡ್ರಿಲ್ ಮೆಷಿನ್‌ನಲ್ಲಿ ಬಿಗಿದರೆ ಗಾಜಿಗೆ ಅಪಾಯ.

ಸಿಂಕಿನ ಕಥೆ ಬೇರೆ. ಹೊರ ಅಳತೆ 610 × 460, ಕಟೌಟ್ 590 × 440. ಸುತ್ತಲೂ 10 ಮಿ.ಮೀ. ಅಂಚು. ಅಂಚಿನ ಅಡಿಯಲ್ಲಿ ಕ್ಲಿಪ್ ಸಿಕ್ಕಿಸಲು ಒಂದು ಪಟ್ಟಿ ಬೆಸೆದಿರುತ್ತದೆ. ಕಟೌಟ್ ಚಿಕ್ಕದಾದರೆ ಆ ಪಟ್ಟಿಯೇ ಕಲ್ಲಿನ ಮೇಲೆ ಕೂತು ಅಂಚು ಕೆಳಗಿಳಿಯುವುದಿಲ್ಲ. ಸಿಲಿಕೋನ್ ಹಚ್ಚುವ ಮೊದಲು ಖಾಲಿ ಸಿಂಕ್ ಇಟ್ಟು, ಸುತ್ತಲೂ ಅಂಚಿನಡಿ ಕಾಗದ ತೂರಿಸಿ ನೋಡಿದೆ. ಸಲೀಸಾಗಿ ಒಳಗೆ ಹೋದ ಕಡೆ ಕಲ್ಲನ್ನು ಅರೆದೆ.

ಕ್ಲಿಪ್ಪುಗಳು 30–40 ಮಿ.ಮೀ. ದಪ್ಪದ ಕೌಂಟರ್‌ಗೆ ಮಾಡಿದವು. 20ರ ಕಲ್ಲಿಗೆ ಸ್ಕ್ರೂ ಕೊನೆಮುಟ್ಟಿದರೂ ಹಲ್ಲು ಕಲ್ಲನ್ನು ಮುಟ್ಟಲಿಲ್ಲ. ಪ್ರತಿ ಕ್ಲಿಪ್ ಬರುವ ಜಾಗದಲ್ಲಿ ಕಲ್ಲಿನ ಕೆಳಗೆ 12 ಮಿ.ಮೀ. ಪ್ಲೈವುಡ್ ತುಂಡನ್ನು ಸಿಲಿಕೋನ್‌ನಿಂದ ಅಂಟಿಸಿದೆ. 32 ಆಯಿತು, ಹಲ್ಲು ಚೆನ್ನಾಗಿ ಕಚ್ಚಿತು. ನೀರು ತಾಗುವ ಜಾಗವಾದ್ದರಿಂದ ವಾಟರ್‌ಪ್ರೂಫ್ ಪ್ಲೈವುಡ್‌ನ ತುಂಡೇ ಇರಲಿ.

ಆಮೇಲೆ ಕಲ್ಲಿನ ಅಂಚಿಗೆ ಸಿಲಿಕೋನ್ ಎಳೆದು ಸಿಂಕ್ ಇಳಿಸಿ, ಎದುರುಬದುರು ಕ್ಲಿಪ್ಪುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದೆ. ಒಂದೇ ಕಡೆ ಪೂರ್ತಿ ಬಿಗಿದರೆ ಎರಡು ಕ್ಲಿಪ್‌ಗಳ ನಡುವೆ ಅಂಚು ಉಬ್ಬುತ್ತದೆ, ನೀರು ನುಗ್ಗುವುದು ಅಲ್ಲಿಂದಲೇ. ಉಬ್ಬಿದೆಯಾ ಅಂತ ತಿಳಿಯಲು ಅಂಚಿನ ಮೇಲೆ ಉದ್ದದ ಸ್ಕೇಲ್ ಇಟ್ಟು, ಅದರಡಿ ಬೆಳಕು ಕಾಣುತ್ತದಾ ಅಂತ ನೋಡಿದೆ. ಕಂಡ ಕಡೆ ಅಕ್ಕಪಕ್ಕದ ಕ್ಲಿಪ್ ಸ್ವಲ್ಪ ಸಡಿಲಿಸಿ, ಮತ್ತೆ ನಿಧಾನವಾಗಿ ಬಿಗಿದೆ. ಹೊರಗೆ ಬಂದ ಸಿಲಿಕೋನ್ ಒರೆಸಿ, ಒಂದು ದಿನ ನೀರು ಬಿಡದೆ ಒಣಗಲು ಬಿಟ್ಟೆ.