ಅಜ್ಜಿಯ ಮುಖದಲ್ಲಿ 612 ಫೋಟೋ

ಅಜ್ಜಿಯ ಒಂದು ಹಳೇ ಫೋಟೋವನ್ನು ಮನೆಯವರ 612 ಫೋಟೋಗಳಿಂದಲೇ ಮೊಸಾಯಿಕ್ ಮಾಡೋಣ ಅಂತ ಕೂತೆ. ಪ್ರಿಂಟ್ ಅಳತೆ 24 ಇಂಚು ಅಗಲ, 30 ಇಂಚು ಎತ್ತರ. ಒಳಗಿನ ಮುಖಗಳು ಚೆನ್ನಾಗಿ ಕಾಣಲಿ ಅಂತ ಮೊದಲು ಒಂದೊಂದು ಫೋಟೋಗೂ ಒಂದಿಂಚಿನ ಚೌಕ ಇಟ್ಟೆ. ಒಟ್ಟು 720 ಚೌಕ ಆಯಿತು. ಸ್ಕ್ರೀನಿನಲ್ಲಿ ನೋಡಿದರೆ ಅಜ್ಜಿಯೇ ಇಲ್ಲ! ಒಂದು ಕಣ್ಣಿನ ಅಗಲಕ್ಕೆ ಎರಡೇ ಚೌಕ ಸಿಕ್ಕಿತ್ತು. ಎರಡು ಚೌಕದಲ್ಲಿ ಕಣ್ಣು ಮೂಡೋದು ಹೇಗೆ?

ಚೌಕವನ್ನು ಅರ್ಧ ಇಂಚಿಗೆ ಇಳಿಸಿದೆ. ಮೂಲ ಫೋಟೋದಲ್ಲಿ ಸುತ್ತಲಿನ ಜಾಗವನ್ನೂ ಕತ್ತರಿಸಿ ಮುಖ ದೊಡ್ಡದು ಮಾಡಿದೆ. ಈಗ ಕಣ್ಣಿನ ಅಗಲಕ್ಕೆ ಆರು ಚೌಕ, ಒಟ್ಟು 2880. ಅಂದರೆ ಒಂದೊಂದು ಫೋಟೋ ಐದು ಸಲದ ಹತ್ತಿರ ಬರಬೇಕು. ಇಂಚಿಗೆ 300 ಚುಕ್ಕೆಯ ಪ್ರಿಂಟ್ ಆದ್ದರಿಂದ ಒಂದು ಚೌಕಕ್ಕೆ 150 ಪಿಕ್ಸೆಲ್ ಸಾಕು. tiles ಅನ್ನೋ ಫೋಲ್ಡರ್ ಮಾಡಿಕೊಂಡು ImageMagick ಅನ್ನೋ ತಂತ್ರಾಂಶದಿಂದ ಎಲ್ಲವನ್ನೂ ಹೀಗೆ ಕತ್ತರಿಸಿದೆ:

```
mogrify -path tiles -auto-orient -resize 150x150^ -gravity center -extent 150x150 *.jpg
```

ಉದ್ದುದ್ದ ಫೋಟೋಗಳಲ್ಲಿ ಇದು ತಲೆಯನ್ನೇ ಹಾರಿಸಿಬಿಟ್ಟಿತು. ಅವನ್ನು ಬೇರೆ ಇಟ್ಟು, center ಬದಲು north ಹಾಕಿ ಮತ್ತೆ ಕತ್ತರಿಸಬೇಕಾಯಿತು.

ನಿಜವಾದ ತಲೆನೋವು ಬಣ್ಣದ್ದು. ಅಜ್ಜಿಯ ಚಿತ್ರದ ಒಂದೊಂದು ಚೌಕದಲ್ಲೂ ಅಲ್ಲಿನ ಬಣ್ಣಕ್ಕೆ ಹತ್ತಿರದ ಫೋಟೋ ಕೂರಬೇಕು. ಪ್ರತಿ ಫೋಟೋದ ಸರಾಸರಿ ಬಣ್ಣ ತೆಗೆದು ನೋಡಿದರೆ ಮುಕ್ಕಾಲು ಪಾಲು ಒಂದೇ ತರಹದ ಮಾಸಲು ಕಂದು. ಮನೆಯೊಳಗೆ ತೆಗೆದ ಫೋಟೋಗಳು ಅಲ್ವಾ, ಚರ್ಮ, ಬಾಗಿಲು, ಹಳದಿ ಬೆಳಕು ಎಲ್ಲಾ ಕಲಸಿದರೆ ಅದೇ ಬರೋದು. ಕೆನ್ನೆಗೆ ಬೇಕಾದಷ್ಟು ಇತ್ತು. ಕಪ್ಪು ಕೂದಲಿಗೂ ಬಿಳಿ ಸೆರಗಿಗೂ ಬರ. ಕತ್ತಲಲ್ಲಿ ಮೊಂಬತ್ತಿ ಹಚ್ಚಿದ ಒಂದೇ ಫೋಟೋ ಕೂದಲ ತುಂಬಾ ಸಾಲಾಗಿ ಕೂತು, ದೂರದಿಂದ ಬಟ್ಟೆಯ ಪಟ್ಟೆಯ ಹಾಗೆ ಕಂಡಿತು.

ಒಂದು ಫೋಟೋ ಬಂದ ಜಾಗದಿಂದ ಐದು ಚೌಕದೊಳಗೆ ಅದೇ ಫೋಟೋ ಮತ್ತೆ ಬರಬಾರದು ಅಂತ ನಿಯಮ ಹಾಕಿದೆ. ಆಗ ಪಟ್ಟೆ ಹೋಯಿತು, ಆದರೆ ಕೂದಲಲ್ಲಿ ಕಂದು ತೇಪೆಗಳು ಎದ್ದವು. ಕಪ್ಪೇ ಸಾಲದಿದ್ದರೆ ನಿಯಮ ಏನು ಮಾಡೀತು? ಅದಕ್ಕೆ ಹಳೇ ಫೋಟೋಗಳಿಂದಲೇ ತುಂಡು ತೆಗೆದೆ: ಯಾರದೋ ಜಡೆ, ಕಪ್ಪು ಕೋಟು, ಸುಣ್ಣದ ಗೋಡೆ ಮುಂದೆ ನಿಂತ ಮಗು. ಹೀಗೆ 180 ಚೌಕ ಜಾಸ್ತಿ ಸಿಕ್ಕವು. ಇದೇ ಕೆಲಸಕ್ಕೆ ಎರಡು ಸಂಜೆ ಹಿಡಿಯಿತು.

ದವಡೆಯ ಅಂಚು ಮಾತ್ರ ಇನ್ನೂ ಮೆಟ್ಟಿಲು ಮೆಟ್ಟಿಲಾಗಿತ್ತು. ಸರಾಸರಿ ಬಣ್ಣಕ್ಕೆ ಯಾವ ಪಕ್ಕ ಕಪ್ಪು, ಯಾವ ಪಕ್ಕ ಬಿಳುಪು ಅನ್ನೋದು ಗೊತ್ತಿರೋದಿಲ್ಲ. ಪ್ರತಿ ಚೌಕವನ್ನೂ ನಾಲ್ಕು ಕಾಲುಭಾಗ ಮಾಡಿ, ಕಾಲಿಗೆ ಕಾಲು ಹೋಲಿಸಿದೆ. ಹೋಲಿಕೆಯನ್ನು ಕೆಂಪು, ಹಸಿರು, ನೀಲಿ ಅಳೆಯುವ RGB ಬದಲು ಹೊಳಪನ್ನೂ ಬಣ್ಣವನ್ನೂ ಬೇರೆ ಬೇರೆ ಅಳೆಯುವ Lab ಲೆಕ್ಕದಲ್ಲಿ ಮಾಡಿದೆ, ಅದು ನಮ್ಮ ಕಣ್ಣಿಗೆ ಕಾಣುವ ವ್ಯತ್ಯಾಸಕ್ಕೆ ಹೆಚ್ಚು ಹತ್ತಿರ. ಅಂಚು ಚೊಕ್ಕವಾಯಿತು.

ಕೊನೆಗೆ ಮೂಲ ಫೋಟೋವನ್ನು ಮೇಲೆ 18% ತೆಳುವಾಗಿ ಹಾಸಿದೆ. ಇದು ಮೋಸ ಅನ್ನುವವರಿದ್ದಾರೆ, ಇರಲಿ. 40% ಹಾಕಿ ನೋಡಿದಾಗ ಮಾತ್ರ ಒಳಗಿನ ಫೋಟೋಗಳೆಲ್ಲ ಒಂದೇ ಬಣ್ಣಕ್ಕೆ ತಿರುಗಿ ಸತ್ತ ಹಾಗಾದವು. ಪ್ರತಿ ಸಲವೂ ಚಿತ್ರವನ್ನು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ನೋಡುತ್ತಿದ್ದೆ. ಅಲ್ಲಿ ಅಜ್ಜಿ ನಕ್ಕರೆ ಸರಿ.

ಪ್ರಿಂಟ್ ಬಂದ ದಿನ ಚಿಕ್ಕಪ್ಪ ಕನ್ನಡಕ ಏರಿಸಿ ತಮ್ಮನ್ನೇ ಹುಡುಕಿದರು. ಸಿಕ್ಕಿದ್ದು ಅಜ್ಜಿಯ ಮೂಗಿನ ಹೊಳ್ಳೆಯಲ್ಲಿ.