ಬೀಳುವುದನ್ನು ಕಲಿಸುವುದು ಹೇಗೆ?

ಜೂಡೊ ಕಲಿಯಲು ಬಂದ ಮಗು ಹಿಂದಕ್ಕೆ ವಾಲಿದರೆ ಸಾಕು, ಕೈ ತಾನಾಗಿಯೇ ಹಿಂದೆ ಹೋಗಿ ನೆಲಕ್ಕೆ ಊರುತ್ತದೆ. ಮೈಭಾರವೆಲ್ಲ ಮಣಿಕಟ್ಟಿಗೋ ಮೊಣಕೈಗೋ ಬೀಳುತ್ತದೆ. ಮೂಳೆ ಮುರಿಯುವುದು ಹೀಗೆಯೇ. ಅದಕ್ಕೇ ಉಕೆಮಿ, ಅಂದರೆ ಬೀಳುವ ಪಾಠ ಮೊದಲು.

ಮ್ಯಾಟ್ ನಾಲ್ಕು ಸೆಂಟಿಮೀಟರ್ ದಪ್ಪ ಇರಲಿ, ನಡುವೆ ಸಂದಿ ಬೇಡ. ಯೋಗದ ತೆಳು ಮ್ಯಾಟ್ ಸಾಲದು. ಮನೆಯ ಹಾಸಿಗೆಯೂ ಬೇಡ. ಅದರಲ್ಲಿ ಮೈ ಹೂತುಹೋಗುತ್ತದೆ, ತಪ್ಪು ಮಾಡಿದರೂ ಗೊತ್ತಾಗುವುದಿಲ್ಲ.

ಮೊದಲು ಅಂಗಾತ ಮಲಗಿಸಿ, ತಲೆ ಎತ್ತಿಸಿ, ಎರಡೂ ಕೈಗಳಿಂದ ಮ್ಯಾಟ್ ಬಡಿಸಿ. ಆಮೇಲೆ ಕೂತಲ್ಲಿಂದ ಹಿಂದಕ್ಕೆ ಉರುಳಿಸಿ. ಇವೆರಡೂ ಒಂದೇ ದಿನದಲ್ಲಿ ಬರುತ್ತವೆ.

ಕಷ್ಟ ಇರುವುದು ಕುಕ್ಕರುಗಾಲಿನಿಂದ ಬೀಳುವಾಗ. ಇಲ್ಲಿ ಆತುರ ಬೇಡ. ಕುಂಡಿ ಹಿಮ್ಮಡಿಯ ಪಕ್ಕದಲ್ಲೇ ಇಳಿಯಬೇಕು. ದೂರ ಹೋಗಿ ಕೂತರೆ ಬಾಲದ ಮೂಳೆಗೆ ಏಟು. ಬೆನ್ನು ತೊಟ್ಟಿಲ ತಳದ ಹಾಗೆ ಬಾಗಿರಲಿ. ಗದ್ದ ಎದೆಗೆ ಒತ್ತಿ, ಕಣ್ಣು ಬೆಲ್ಟಿನ ಗಂಟಿನ ಮೇಲೆ. ಭುಜದ ಹಲಗೆ ಮ್ಯಾಟ್ ಮುಟ್ಟುವ ಹೊತ್ತಿಗೆ ಅಂಗೈಯಿಂದ ಮೊಣಕೈವರೆಗೆ ಇಡೀ ಕೈ ಒಟ್ಟಿಗೆ ಬಡಿಯಬೇಕು. ಕೈ ಮೈಯಿಂದ ಸ್ವಲ್ಪವೇ ದೂರ ಇರಲಿ, ಭುಜದ ಮಟ್ಟಕ್ಕೆ ಏರಿದರೆ ಭುಜ ನೋಯುತ್ತದೆ. ಉಸಿರು ಹೊರಗೆ ಬಿಡಲಿ.

ನನ್ನ ತರಗತಿಯ ಒಂಬತ್ತು ವರ್ಷದ ಹುಡುಗಿ ಮಲಗಿ ಚೆನ್ನಾಗಿ ಬಡಿಯುತ್ತಿದ್ದಳು. ಕುಕ್ಕರುಗಾಲಿನಿಂದ ಬಿದ್ದರೆ ಮಾತ್ರ ಪ್ರತಿಸಲ ಬಲ ಮೊಣಕೈ ಮೊದಲು ತಾಗುತ್ತಿತ್ತು. ಗದ್ದದ ಕೆಳಗೆ ಕರ್ಚೀಫ್ ಮಡಚಿ ಇಟ್ಟೆ. ಬೀಳುವ ಮೊದಲೇ ಅದು ಜಾರಿತು. ಎಲ್ಲಿ ಬೀಳುತ್ತೇನೋ ಅಂತ ಬಲಕ್ಕೆ ತಿರುಗಿ ನೋಡುತ್ತಿದ್ದಳು, ಮೈಯೂ ಜೊತೆಗೆ ತಿರುಗುತ್ತಿತ್ತು. ಎರಡು ತರಗತಿ ಬಡಿತವನ್ನೇ ಬಿಡಿಸಿದೆ. ಕೈ ಎದೆಗೆ ಅಪ್ಪಿಕೊಂಡು, ಕರ್ಚೀಫ್ ಬೀಳದಂತೆ ಸುಮ್ನೆ ಉರುಳು ಅಂದೆ. ಕಣ್ಣು ಗಂಟಿನ ಮೇಲೆ ನಿಂತ ಮೇಲೆ ಕೈ ಬಿಚ್ಚಿಸಿದೆ. ಮೊಣಕೈ ತಪ್ಪು ತಾನೇ ಹೋಯಿತು.

ಸರಿಯಾಗಿದೆಯಾ ಅಂತ ಕಿವಿಯಿಂದಲೇ ತಿಳಿಯಬಹುದು. ‘ಫಟ್’ ಅಂತ ಒಂದೇ ಸದ್ದು ಬರಬೇಕು. ‘ಧಡ್’ ಆಗಿ ಆಮೇಲೆ ‘ಫಟ್’ ಅಂದರೆ ಮೈ ಮೊದಲು ಬಿದ್ದಿದೆ, ಕೈ ತಡವಾಗಿದೆ.

ನಿಂತು ಬೀಳುವುದು ಬೇರೆ ಪಾಠವೇನಲ್ಲ. ಮೊಣಕಾಲು ಮಡಚಿ ಕುಕ್ಕರುಗಾಲಿಗೆ ಇಳಿದು ಹಾಗೇ ಉರುಳುವುದು. ಮುಂದಕ್ಕೆ ಉರುಳುವಾಗ ನೆತ್ತಿ ಮ್ಯಾಟ್ ಮುಟ್ಟಲೇಬಾರದು. ಬಲ ಭುಜದಿಂದ ಹೊರಟು ಬೆನ್ನಿನ ಮೇಲೆ ಓರೆಯಾಗಿ ಎಡ ಸೊಂಟಕ್ಕೆ ಬರಬೇಕು.

ಸುಸ್ತಾದ ಮಕ್ಕಳು ಗದ್ದ ಬಿಟ್ಟುಬಿಡುತ್ತಾರೆ, ಅದಕ್ಕೆ ಈ ಅಭ್ಯಾಸ ತರಗತಿಯ ಶುರುವಿನಲ್ಲೇ ಮುಗಿಯಲಿ. ಹಿಂದಲೆ ಬಡಿದರೆ ಆ ಮಗುವಿಗೆ ಅವತ್ತು ಆಟ ಬಂದ್. ತಲೆನೋವು, ವಾಂತಿ, ಮಂಪರು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.